ನನ್ನ ನಂಬರಿನ ಮೇಲೆ ಇನ್ನೊಬ್ಬರ ಹೆಸರು: ದೂರಸಂಪರ್ಕ ಇಲಾಖೆಗೆ ಮತ್ತು ಬ್ಯಾಂಕುಗಳಿಗೆ ಒಂದು ಬಹಿರಂಗ ಪತ್ರ

ದೂರಸಂಪರ್ಕ ಇಲಾಖೆಯ, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್‌ನ ಮತ್ತು ರಿಸರ್ವ್ ಬ್ಯಾಂಕಿನ ಅಧಿಕಾರಿಗಳೇ, ಬ್ಯಾಂಕ್ ಶಾಖೆಗಳ ಮ್ಯಾನೇಜರುಗಳೇ, ನಮಸ್ಕಾರ.

ನಾನು ದಾವಣಗೆರೆಯಲ್ಲಿ ಒಂದು ಚಿಕ್ಕ ಟೈಲರಿಂಗ್ ಅಂಗಡಿ ನಡೆಸುತ್ತೇನೆ. ಮನೆಯ ನಂಬರಿಗೆ ಗಿರಾಕಿಗಳ ಫೋನ್ ಜಾಸ್ತಿಯಾಯಿತು ಎಂದು ಕಳೆದ ಗೌರಿ ಹಬ್ಬಕ್ಕೆ ಮುಂಚೆ ಅಂಗಡಿಗೇ ಬೇರೆ ಸಿಮ್ ತಗೊಂಡೆ. ನೆನಪಿಡಲು ಸುಲಭವಾದ ನಂಬರು. ಬೋರ್ಡಿನ ಮೇಲೆ ಬರೆಸಿದೆ, ಬಿಲ್ ಪುಸ್ತಕದಲ್ಲಿ ಅಚ್ಚು ಹಾಕಿಸಿದೆ.

ಸಿಮ್ ಚಾಲೂ ಆದ ದಿನವೇ ಸಂಜೆ ಒಂದು ಫೋನ್ ಬಂತು. ವಯಸ್ಸಾದ ಹೆಂಗಸಿನ ದನಿ. "ಅಣ್ಣಾ, ಆರಾಮಿದ್ದೀಯಾ? ಎಷ್ಟು ದಿನ ಆತು ಫೋನ್ ಹತ್ತಿಲ್ಲ." ರಾಂಗ್ ನಂಬರ್ ಅಮ್ಮಾ ಅಂದೆ. ಅವರು ನಂಬಲಿಲ್ಲ. ನಮ್ಮಣ್ಣಂದು ಹತ್ತು ವರ್ಷದಿಂದ ಇದೇ ನಂಬರು, ನೀನ್ಯಾರವ್ವ ಎಂದು ಕೇಳಿದರು. ಅವರ ದನಿಯಲ್ಲಿ ಹೆದರಿಕೆ ಇತ್ತು. ಅಣ್ಣನಿಗೆ ಏನೋ ಆಗಿದೆ ಅಂದುಕೊಂಡರು ಅನಿಸುತ್ತದೆ.

ಮರುದಿನದಿಂದ ಮೆಸೇಜುಗಳು ಶುರುವಾದವು. ತಿಂಗಳ ಕೊನೆಗೆ ಪಿಂಚಣಿ ಜಮೆಯಾಯಿತು ಎಂದು ಬ್ಯಾಂಕಿನಿಂದ, ಉಳಿದ ಹಣದ ಲೆಕ್ಕದ ಸಮೇತ. ಮೊಮ್ಮಗುವಿನ ಶಾಲೆಯಿಂದ ಹಾಜರಿಯ ಮೆಸೇಜು. ಒಂದು ಲ್ಯಾಬಿನಿಂದ ರಕ್ತಪರೀಕ್ಷೆಯ ವರದಿಯ ಲಿಂಕು. ನಾನು ಅದನ್ನು ಒತ್ತಿ ನೋಡಲಿಲ್ಲ. ಆದರೆ ಒತ್ತಿದ್ದರೆ ತೆರೆದುಕೊಳ್ಳುತ್ತಿತ್ತು ಅಲ್ವಾ? ಒಬ್ಬ ಹಿರಿಯರ ಖಾತೆಯಲ್ಲಿ ಎಷ್ಟಿದೆ, ಯಾವ ಪರೀಕ್ಷೆ ಮಾಡಿಸಿದ್ದಾರೆ, ಮೊಮ್ಮಗು ಯಾವ ತರಗತಿಯಲ್ಲಿದೆ, ಇಷ್ಟೂ ಅವರ ಮುಖ ನೋಡದ ನನಗೆ ಗೊತ್ತಾಯಿತು.

ಇದು ಹೇಗಾಗುತ್ತದೆ ಎಂದು ನಿಮಗೆ ಗೊತ್ತಿದೆ. ಓದುವ ಉಳಿದವರಿಗಾಗಿ ಹೇಳುತ್ತೇನೆ. ಹತ್ತು ಅಂಕಿಯ ನಂಬರುಗಳು ಮುಗಿಯದ ಸರಕಲ್ಲ, ದೇಶದಲ್ಲಿ 100 ಕೋಟಿಗೂ ಹೆಚ್ಚು ಮೊಬೈಲ್ ಸಂಪರ್ಕಗಳಿವೆ. ಹಾಗಾಗಿ ಬಿಟ್ಟ ನಂಬರನ್ನು ಮತ್ತೊಬ್ಬರಿಗೆ ಕೊಡುತ್ತಾರೆ. 90 ದಿನ ಕರೆ, ಮೆಸೇಜು, ಡೇಟಾ ಯಾವುದೂ ಬಳಸದೆ ಇದ್ದರೆ, ಖಾತೆಯಲ್ಲಿ 20 ರೂಪಾಯಿಯೂ ಇಲ್ಲದಿದ್ದರೆ, ಕಂಪನಿ ಆ ನಂಬರನ್ನು ಕಡಿತ ಮಾಡಬಹುದು. ಕಡಿತವಾದ ಮೇಲೆ ಇನ್ನೂ 90 ದಿನ ಅದನ್ನು ಯಾರಿಗೂ ಕೊಡುವಂತಿಲ್ಲ. ಈ ಎರಡನೇ ನಿಯಮ 2017ರಿಂದ ಇದೆ. ನನ್ನ ನಂಬರಿನ ಹಿಂದಿನ ಯಜಮಾನರು ಸಂಕ್ರಾಂತಿಯ ಹೊತ್ತಿಗೆ ರೀಚಾರ್ಜ್ ನಿಲ್ಲಿಸಿದ್ದರು. ಏಪ್ರಿಲ್‌ನಲ್ಲಿ ಮೊದಲ 90 ದಿನ ಮುಗಿಯಿತು, ಜುಲೈ ದಾಟುವ ಹೊತ್ತಿಗೆ ಎರಡನೆಯದೂ ಮುಗಿಯಿತು. ಗೌರಿ ಹಬ್ಬಕ್ಕೆ ನಂಬರು ನನ್ನ ಕೈಗೆ ಬಂತು. ಎಲ್ಲವೂ ನಿಯಮದ ಪ್ರಕಾರವೇ.

2025ರಲ್ಲಿ ನಮ್ಮ ಆರ್‌ಸಿಬಿ ನಾಯಕ ರಜತ್ ಪಾಟೀದಾರ್ ಅವರ ಹಳೆಯ ನಂಬರು ಛತ್ತೀಸ್‌ಗಢದ ಹಳ್ಳಿಯ ಹುಡುಗನೊಬ್ಬನಿಗೆ ಹೋಗಿತ್ತು. ಕೊಹ್ಲಿ, ಡಿವಿಲಿಯರ್ಸ್ ಅವನಿಗೇ ಫೋನ್ ಮಾಡಿದರು ಎಂದು ಎಲ್ಲರೂ ನಕ್ಕೆವು. ಕೊನೆಗೆ ಪೊಲೀಸರು ಅವನ ಮನೆಗೆ ಹೋಗಿ ಸಿಮ್ ವಾಪಸ್ ತಂದರು. ಆದರೆ ಎಲ್ಲರಿಗೂ ಹಾಗೆ ಪೊಲೀಸರು ಬರುವುದಿಲ್ಲ. ಆ ಹಿರಿಯರಿಗೂ ಬರಲಿಲ್ಲ, ನನಗೂ ಬರಲಿಲ್ಲ.

ನಾನು ಮೊದಲು ಮಾಡಬೇಕಾದ ಕೆಲಸವನ್ನು ಮಾಡಲಿಲ್ಲ. ಹೊಸ ಸಿಮ್ ತಗೊಂಡವರಿಗೆ ಉಪಯೋಗವಾಗಲಿ ಎಂದು ಅದನ್ನು ಹೇಳುತ್ತೇನೆ. ಹೊಸ ನಂಬರಿನಲ್ಲಿ ವಾಟ್ಸ್ಆ್ಯಪ್ ಹಾಕುವ ಮುಂಚೆ, ಮನೆಯ ಇನ್ನೊಬ್ಬರ ಫೋನಿನಲ್ಲಿ ಆ ನಂಬರನ್ನು ಸೇವ್ ಮಾಡಿ ನೋಡಬೇಕು. ಯಾರದೋ ಫೋಟೊ ಕಂಡರೆ ಹಳೆಯ ಯಜಮಾನರ ಖಾತೆ ಅಲ್ಲಿ ಇನ್ನೂ ಇದೆ ಎಂದರ್ಥ. ಸಿಮ್ ಕಡಿತವಾದರೂ ವೈಫೈ ಮೇಲೆ ವಾಟ್ಸ್ಆ್ಯಪ್ ನಡೆಯುತ್ತಲೇ ಇರಬಹುದು, ಎಷ್ಟೋ ಜನಕ್ಕೆ ನಂಬರು ಹೋಗಿರುವುದೇ ತಿಳಿದಿರುವುದಿಲ್ಲ. ಅವರಿಗೆ ಒಂದು ಮೆಸೇಜು ಹಾಕಿ: "ಈ ನಂಬರು ಈಗ ನಮಗೆ ಬಂದಿದೆ. ಒಂದು ವಾರ ಕಾಯುತ್ತೇವೆ. ಅಷ್ಟರಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನಂಬರು ಬದಲಿಸಿಕೊಳ್ಳಿ." ಹಾಗೆ ಬದಲಿಸಲು ಹಳೆಯ ಸಿಮ್ ಕೈಯಲ್ಲಿ ಇರಬೇಕಿಲ್ಲ. ಅವರ ಫೋನಿನಲ್ಲಿ ಹಳೆಯ ಖಾತೆ ತೆರೆದೇ ಇದ್ದು, ಹೊಸ ಸಿಮ್‌ಗೆ ಕೋಡ್ ಬಂದರೆ ಸಾಕು. ಗುಂಪುಗಳು, ಮಾತುಕತೆ ಎಲ್ಲವೂ ಅವರ ಜೊತೆಗೇ ಹೋಗುತ್ತವೆ. ನಾವು ಅವಸರದಲ್ಲಿ ನೋಂದಾಯಿಸಿದರೆ ಅವರು ಹೊರಗೆ ಬೀಳುತ್ತಾರೆ, ಈ ದಾರಿ ಮುಚ್ಚಿಹೋಗುತ್ತದೆ.

ನಾನು ಅದನ್ನೇ ಮಾಡಿದೆ, ಗೊತ್ತಿಲ್ಲದೆ. ನೋಂದಾಯಿಸಿದ ಕೂಡಲೇ ಅವರ ಕುಟುಂಬದ ಗುಂಪಿನ ಮೆಸೇಜುಗಳು ನನಗೆ ಬರತೊಡಗಿದವು. ಅಲ್ಲಿ "ಈ ನಂಬರು ಈಗ ನಿಮ್ಮವರದಲ್ಲ, ದಯವಿಟ್ಟು ಅವರಿಗೆ ತಿಳಿಸಿ" ಎಂದು ಬರೆದೆ. ಯಾರೋ ಮೋಸಗಾರರು ಅಂದುಕೊಂಡು ಬೈದರು. ಅವರ ತಪ್ಪೇನೂ ಇಲ್ಲ, ಈ ಕಾಲದಲ್ಲಿ ಹಾಗೆ ಅನಿಸುವುದು ಸಹಜ. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಖಾತೆಯನ್ನೇ ಅಳಿಸಿ, ಹೊಸದಾಗಿ ಮತ್ತೆ ನೋಂದಾಯಿಸಿದೆ. ಹಾಗೆ ಅಳಿಸಿದರೆ ಹಳೆಯ ಗುಂಪುಗಳೆಲ್ಲ ಒಂದೇ ಸಲಕ್ಕೆ ಬಿಟ್ಟುಹೋಗುತ್ತವೆ.

ಈಗ ನಿಮ್ಮ ವಿಷಯಕ್ಕೆ ಬರುತ್ತೇನೆ.

ಅಂಗಡಿಯ ಒಬ್ಬ ಗಿರಾಕಿ ಎರಡು ಬ್ಲೌಸಿನ ಹೊಲಿಗೆ 850 ರೂಪಾಯಿಯನ್ನು ಫೋನ್ ನಂಬರು ಒತ್ತಿ ಯುಪಿಐನಲ್ಲಿ ಕಳಿಸಿದರು. "ಹೋಯ್ತು ನೋಡಿ ಅಕ್ಕ" ಅಂದರು. ನನ್ನ ಫೋನಿಗೂ 850 ಜಮೆ ಎಂದು ಮೆಸೇಜು ಬಂತು. ಆದರೆ ಬ್ಯಾಂಕಿನ ಹೆಸರು ನನ್ನದಲ್ಲ. ಉಳಿದ ಹಣ ಪಿಂಚಣಿ ಖಾತೆಯದು. ನನ್ನ ದುಡಿಮೆಯ ಹಣ ಆ ಹಿರಿಯರ ಖಾತೆಗೆ ಹೋಗಿತ್ತು. ಅದು ಜಮೆಯಾದ ಸುದ್ದಿ ಮಾತ್ರ ನನಗೆ ಬಂದಿತ್ತು. ಆ ನಂಬರಿಗೆ ಅವರ ಯುಪಿಐ ಇನ್ನೂ ಅಂಟಿಕೊಂಡೇ ಇತ್ತು. ಅಂದಿನಿಂದ ನಂಬರಿಗೆ ಹಣ ಹಾಕಬೇಡಿ, ಕ್ಯೂಆರ್ ಸ್ಕ್ಯಾನ್ ಮಾಡಿ, ಒತ್ತುವ ಮುಂಚೆ ಹೆಸರು ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ.

ಇದಕ್ಕೆ ನಿಯಮ ಇಲ್ಲ ಎಂದಲ್ಲ. ಕಡಿತವಾದ ನಂಬರುಗಳ ಪಟ್ಟಿ ನಿಮ್ಮ ಹತ್ತಿರ ಇದೆ. ಎಂಎನ್‌ಆರ್‌ಎಲ್ ಎಂದು ಅದನ್ನು ಕರೆಯುತ್ತೀರಿ. ಆ ಪಟ್ಟಿ ನೋಡಿ ಗ್ರಾಹಕರ ದಾಖಲೆ ಸರಿಪಡಿಸಿಕೊಳ್ಳಿ ಎಂದು ರಿಸರ್ವ್ ಬ್ಯಾಂಕ್ 2025ರ ಜನವರಿಯಲ್ಲಿ ಬ್ಯಾಂಕುಗಳಿಗೆ ಹೇಳಿದೆ. ಯುಪಿಐ ನಡೆಸುವ ಎನ್‌ಪಿಸಿಐ ಅದೇ ಮಾರ್ಚ್‌ನಲ್ಲಿ, ವಾರಕ್ಕೊಮ್ಮೆಯಾದರೂ ಈ ಪಟ್ಟಿಯ ಪ್ರಕಾರ ದಾಖಲೆ ಹೊಸದು ಮಾಡಿ ಎಂದು ಬ್ಯಾಂಕುಗಳಿಗೂ ಆ್ಯಪ್‌ಗಳಿಗೂ ಸೂಚಿಸಿತು. ನನ್ನ ನಂಬರು ಮೂರು ತಿಂಗಳು ಯಾರ ಕೈಯಲ್ಲೂ ಇರಲಿಲ್ಲ. ಮೂರು ತಿಂಗಳೆಂದರೆ ಹನ್ನೆರಡು ವಾರಕ್ಕೂ ಜಾಸ್ತಿ. ಅಷ್ಟು ವಾರಗಳಲ್ಲಿ ಒಂದು ಸಲವೂ ಆ ಬ್ಯಾಂಕು ಪಟ್ಟಿ ನೋಡಲಿಲ್ಲವೇ? ನೋಡಿಯೂ ಪಿಂಚಣಿಯ ಲೆಕ್ಕವನ್ನು ಅದೇ ನಂಬರಿಗೆ ಕಳಿಸಿತೇ? ಇದಕ್ಕೆ ಉತ್ತರ ಬೇಕು.

ನಾನು ಆ ಬ್ಯಾಂಕಿನ ಸಹಾಯವಾಣಿಗೆ ಫೋನ್ ಮಾಡಿದೆ. ಖಾತೆ ಸಂಖ್ಯೆ ಕೇಳಿದರು. ಖಾತೆ ನನ್ನದಲ್ಲ ಎಂದು ಹೇಳುವುದಕ್ಕೇ ಫೋನ್ ಮಾಡಿದ್ದೇನೆ ಅಂದೆ. ಹಾಗಾದರೆ ಖಾತೆದಾರರೇ ಫೋನ್ ಮಾಡಬೇಕು ಅಂದರು. ಖಾತೆದಾರರು ಯಾರೆಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತು, ವಿಳಾಸವೂ ಇದೆ, ಒಂದು ಕಾಗದ ಬರೆಯಿರಿ ಅಂದೆ. ಅದಕ್ಕೆ ಅವರ ಹತ್ತಿರ ಉತ್ತರ ಇರಲಿಲ್ಲ. ಆ ಹುಡುಗಿ ಮೆತ್ತಗೆ ಮಾತಾಡಿದಳು, ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳ ಪರದೆಯ ಮೇಲೆ ನನ್ನಂಥವರಿಗೆ ಒಂದು ಖಾನೆಯೇ ಇಲ್ಲ.

ಬ್ಯಾಂಕಿನ ಮೆಸೇಜಿನ ಕೊನೆಗೆ "ಇದು ನೀವು ಮಾಡಿದ್ದಲ್ಲವೇ? ಈ ನಂಬರಿಗೆ ತಿಳಿಸಿ" ಎಂಬ ಸಾಲು ಇರುತ್ತದೆ. ಹಳೆಯ ನಂಬರು ಸಿಕ್ಕವರು ಅದನ್ನು ನೋಡಿ, ಸರಿ ತಿಳಿಸೋಣ ಎಂದು ಉತ್ತರ ಕಳಿಸಬಾರದು. ಅದು ಕಾರ್ಡು ನಿಲ್ಲಿಸುವ ಸಾಲು. ನಾವು ಒಳ್ಳೆಯದಕ್ಕೆಂದು ಕಳಿಸಿದ ಮೆಸೇಜು ಯಾರದೋ ಎಟಿಎಂ ಕಾರ್ಡನ್ನು ಆಸ್ಪತ್ರೆಯ ಕೌಂಟರಿನ ಮುಂದೆ ನಿಲ್ಲಿಸಿಬಿಡಬಹುದು. 1909ಕ್ಕೆ ಹೇಳಿ ಡಿಎನ್‌ಡಿ ಹಾಕಿಸಿದರೂ ಇಂಥ ಮೆಸೇಜು ನಿಲ್ಲುವುದಿಲ್ಲ. ಡಿಎನ್‌ಡಿ ತಡೆಯುವುದು ಜಾಹೀರಾತನ್ನು, ಬ್ಯಾಂಕ್ ವ್ಯವಹಾರದ ಮೆಸೇಜನ್ನಲ್ಲ.

ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಜಾಲತಾಣವನ್ನೂ ನೋಡಿದೆ. ನನ್ನ ಹೆಸರಿನಲ್ಲಿ ನನಗೆ ಗೊತ್ತಿಲ್ಲದ ಸಿಮ್ ಇದ್ದರೆ "ಇದು ನನ್ನ ನಂಬರಲ್ಲ" ಎಂದು ಅಲ್ಲಿ ಹೇಳಬಹುದು. ಒಳ್ಳೆಯ ಸೌಲಭ್ಯ, ಎಲ್ಲರೂ ಒಮ್ಮೆ ನೋಡಿಕೊಳ್ಳಬೇಕು. ನನ್ನ ತೊಂದರೆ ಇದರ ತಿರುವುಮುರುವು. ನಂಬರು ನನ್ನದೇ, ಅದರ ಮೇಲೆ ಕೂತಿರುವ ಹೆಸರು ನನ್ನದಲ್ಲ. ಅದನ್ನು ಹೇಳಿಕೊಳ್ಳುವ ಜಾಗ ಅಲ್ಲಿ ನನಗೆ ಸಿಗಲಿಲ್ಲ.

ಸಾಲದ ಕಂಪನಿಯ ಕತೆ ಬೇರೆ. ಹಿರಿಯರ ಸಂಬಂಧಿಕರೊಬ್ಬರು ಸಾಲ ತಗೊಳ್ಳುವಾಗ ಇವರ ನಂಬರನ್ನೂ ಬರೆದಿದ್ದರಂತೆ. ಕಂತು ತಪ್ಪಿತು. ವಸೂಲಿಯವರು ಬೆಳಗ್ಗೆ 7:30ಕ್ಕೆ, ರಾತ್ರಿ 8:30ಕ್ಕೆ ನನಗೆ ಫೋನ್ ಮಾಡತೊಡಗಿದರು. ಬೆಳಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ವಸೂಲಿಗೆ ಕರೆ ಮಾಡಬಾರದು ಎಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಮೊದಲ ವಾರ ನಾನು ಜಗಳವಾಡಿದೆ, ಪ್ರಯೋಜನವಾಗಲಿಲ್ಲ. ನಂಬರು ನಿಮ್ಮದು ಎನ್ನುವುದಕ್ಕೆ ಆಧಾರ್ ಫೋಟೊ ಕಳಿಸಿ ಅಂದರು. ಕಳಿಸಲಿಲ್ಲ, ಯಾರೂ ಕಳಿಸಬಾರದು. ಕಂಪನಿಯ ಹೆಸರು ಕೇಳಿಕೊಂಡು ಅವರ ಜಾಲತಾಣದಲ್ಲಿ ದೂರು ಅಧಿಕಾರಿಯ ಇಮೇಲ್ ಹುಡುಕಿದೆ. ಬರೆದದ್ದು ನಾಲ್ಕೇ ಸಾಲು: ಈ ನಂಬರು ಈ ತಾರೀಖಿನಿಂದ ನನ್ನದು, ನಿಮ್ಮ ಸಾಲಗಾರರು ನನಗೆ ಪರಿಚಯವಿಲ್ಲ, ಈ ದಿನ ಈ ಹೊತ್ತಿಗೆ ಕರೆಗಳು ಬಂದಿವೆ, ನಂಬರನ್ನು ತೆಗೆದು ಬರಹದಲ್ಲಿ ತಿಳಿಸಿ. ಜೊತೆಗೆ ಸಿಮ್ ಚಾಲೂ ಆದ ದಿನ ಕಂಪನಿಯಿಂದ ಬಂದ ಮೆಸೇಜಿನ ಸ್ಕ್ರೀನ್‌ಶಾಟ್ ಇಟ್ಟೆ. ಆ ಮೆಸೇಜನ್ನು ಅಳಿಸಬೇಡಿ. ತಾರೀಖಿಗೆ ಅದೇ ಸಾಕ್ಷಿ.

ಕರೆಗಳು ನಿಂತವು. ಮೂರು ವಾರದ ನಂತರ ಬೇರೆ ದನಿಯಲ್ಲಿ ಮತ್ತೆ ಶುರುವಾದವು. ವಸೂಲಿಯನ್ನು ಇನ್ನೊಂದು ಏಜೆನ್ಸಿಗೆ ಕೊಟ್ಟಿದ್ದರು, ಅವರಿಗೆ ಹಳೆಯ ಪಟ್ಟಿಯನ್ನೇ ಕೊಟ್ಟಿದ್ದರು. ಮತ್ತೆ ಅದೇ ಇಮೇಲ್‌ನ ಕೆಳಗೆ ಬರೆದೆ. ಈ ಸಲ ನಿಂತಿದೆ.

ಹಿರಿಯರು ಕೊನೆಗೆ ಸಿಕ್ಕಿದ್ದು ಬ್ಯಾಂಕಿನಿಂದಲ್ಲ, ಗ್ಯಾಸ್ ಸಿಲಿಂಡರಿನಿಂದ. ದಸರಾ ಹತ್ತಿರ ಬಂದಾಗ ಒಂದು ದಿನ ಸಿಲಿಂಡರ್ ಡೆಲಿವರಿಯ ಕೋಡು ನನ್ನ ಫೋನಿಗೆ ಬಂತು. ಮಧ್ಯಾಹ್ನ ಸಿಲಿಂಡರ್ ಹುಡುಗ ಫೋನ್ ಮಾಡಿದ. "ಅಕ್ಕ, ಮನೆ ಮುಂದೆ ನಿಂತೀನಿ, ಕೋಡ್ ಹೇಳ್ರಿ." ಈ ನಂಬರು ಆ ಮನೆಯವರದಲ್ಲಪ್ಪ ಅಂದೆ. ಮನೆಯಲ್ಲಿ ಯಾರಾದರೂ ಇದ್ದರೆ ಫೋನ್ ಕೊಡು ಎಂದು ಕೇಳಿದೆ. ಕೊಟ್ಟ.

"ಹೇಳಮ್ಮ, ಯಾರು?" ಅಂದರು ಒಬ್ಬ ಅಜ್ಜ.

ಅವರೇ. ಆಪರೇಷನ್ ಆದ ಮೇಲೆ ಪುಣೆಯಲ್ಲಿ ಮಗಳ ಮನೆಯಲ್ಲಿ ಇದ್ದರಂತೆ. ಮಗಳು ಅಲ್ಲಿ ಬೇರೆ ಸಿಮ್ ಕೊಡಿಸಿದ್ದಳು. ಹಳೆಯದು ಡಬ್ಬಿಯಲ್ಲಿ ಇತ್ತು. ಊರಿಗೆ ಬಂದು ಹಾಕಿದರೆ ನೆಟ್‌ವರ್ಕೇ ಬರುತ್ತಿಲ್ಲ ಎಂದು ಎರಡು ದಿನದಿಂದ ಫೋನನ್ನು ಬಯ್ಯುತ್ತಿದ್ದರು. "ನನ್ನ ನಂಬರು ಬೇರೆಯವರಿಗೆ ಕೊಟ್ಟುಬಿಡ್ತಾರಾ? ನನ್ನನ್ನ ಒಂದು ಮಾತು ಕೇಳಲಿಲ್ಲವಲ್ಲಮ್ಮ" ಅಂದರು. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಕೋಡನ್ನು ನಾನು ಹೇಳಲಿಲ್ಲ. ಹೇಳಿದ್ದರೆ ಸಿಲಿಂಡರ್ ಆಗಲೇ ಒಳಗೆ ಹೋಗುತ್ತಿತ್ತು. ಆದರೆ ಫೋನಿನ ಆಚೆ ಇರುವವರು ಯಾರೆಂದು ನನಗೆ ಖಾತ್ರಿಯಿಲ್ಲ. ಇವತ್ತು ಸಿಲಿಂಡರಿನದು ಹೇಳಿದರೆ ನಾಳೆ ಬ್ಯಾಂಕಿನದು ಕೇಳುವವರೂ ಹೀಗೇ ಮಾತಾಡಬಹುದು. ಇನ್ನೊಬ್ಬರ ಒಟಿಪಿ ನಮ್ಮ ಫೋನಿಗೆ ಬರುವುದು ನಮ್ಮ ತಪ್ಪಲ್ಲ. ಅದನ್ನು ಮೋಸಕ್ಕೆ ಬಳಸಿದರೆ ಅಪರಾಧ, ಐಟಿ ಕಾಯ್ದೆಯ 66ಸಿ ಪ್ರಕಾರ ಮೂರು ವರ್ಷದವರೆಗೆ ಜೈಲಿದೆ. ಅಜ್ಜ ಮರುದಿನ ಬೆಳಗ್ಗೆ ಗ್ಯಾಸ್ ಪುಸ್ತಕ ಹಿಡಿದು ಏಜೆನ್ಸಿಗೆ ಹೋದರು. ಅಲ್ಲೇ ನಂಬರು ಬದಲಿಸಿದರು. ಸಂಜೆ ಸಿಲಿಂಡರ್ ಬಂತು. ಅವರಿಗೆ ಒಂದು ದಿನ ಒಲೆ ಹತ್ತಲಿಲ್ಲ ಎಂದು ನನಗೆ ಬೇಜಾರಾಯಿತು.

ಅವತ್ತೇ ಅವರಿಗೆ ಒಂದು ಮಾತು ಹೇಳಿದ್ದೆ: ಮೊದಲು ಬ್ಯಾಂಕಿಗೆ ಹೋಗಿ, ಆಮೇಲೆ ಆಧಾರ್. ಬ್ಯಾಂಕಿನಲ್ಲಿ ಪಾಸ್‌ಬುಕ್ಕು, ಆಧಾರ್ ತೋರಿಸಿ ಫಾರಂ ತುಂಬಿದರು. ಆಧಾರ್ ಕೇಂದ್ರದಲ್ಲಿ ಬೆರಳಚ್ಚು ಕೊಟ್ಟರೆ ಸಾಕು, ಹಳೆಯ ನಂಬರಿಗೆ ಬರುವ ಕೋಡು ಬೇಕಾಗಿಲ್ಲ. ಇವೆರಡನ್ನು ಮೊದಲು ಯಾಕೆ ಮಾಡಬೇಕೆಂದರೆ ಉಳಿದ ಎಷ್ಟೋ ಬೀಗಗಳು ಇವುಗಳ ಒಟಿಪಿಯಿಂದಲೇ ತೆರೆಯುತ್ತವೆ. ಆ ಕೆಲಸವನ್ನು ಹಳೆಯ ಯಜಮಾನರೇ ಮಾಡಬೇಕು. ಹೊಸಬರಾದ ನಾವು ಅವರ ಆಧಾರ್‌ನಿಂದ ನಮ್ಮ ನಂಬರನ್ನು ತೆಗೆಸಲು ಆಗುವುದಿಲ್ಲ. ಅದಕ್ಕೇ ಅವರನ್ನು ಹುಡುಕುವುದು ಅಷ್ಟು ಮುಖ್ಯವಾಗುತ್ತದೆ. ಹುಡುಕುವಾಗ ವಿಳಾಸ ಗೊತ್ತಿರುವ ಸಂಸ್ಥೆಯ ಮೂಲಕ ಹೋಗಿ. ಗ್ಯಾಸ್ ಏಜೆನ್ಸಿ, ಶಾಲೆ, ಎಲ್‌ಐಸಿ ಏಜೆಂಟರು, ಇಂಥವರು ಮನುಷ್ಯರನ್ನು ಬಲ್ಲವರು.

ವಾರದ ನಂತರ ಅಜ್ಜ ಅಂಗಡಿಗೆ ಬಂದು 850 ರೂಪಾಯಿ ಕೈಗಿಟ್ಟರು. ಪಾಸ್‌ಬುಕ್ಕಿನಲ್ಲಿ ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದುಕೊಂಡು ಬಂದಿದ್ದರು.

2023ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಇದೇ ವಿಷಯ ಬಂದಿತ್ತು. 90 ದಿನ ನಂಬರು ಯಾರಿಗೂ ಕೊಡುವುದಿಲ್ಲ ಎಂದು ಟ್ರಾಯ್ ಹೇಳಿತು. ಅಷ್ಟರಲ್ಲಿ ತಮ್ಮ ಖಾಸಗಿ ವಿಷಯಗಳನ್ನು ಕಾಪಾಡಿಕೊಳ್ಳುವುದು, ವಾಟ್ಸ್ಆ್ಯಪ್ ಖಾತೆ ಅಳಿಸುವುದು ಹಳೆಯ ಗ್ರಾಹಕರ ಜವಾಬ್ದಾರಿ ಎಂದು ಕೋರ್ಟು ಅರ್ಜಿಯನ್ನು ಮುಗಿಸಿತು. ನಂಬರು ಬಿಡುತ್ತಿದ್ದೇನೆ ಎಂದು ತಿಳಿದು ಬಿಡುವವರಿಗೆ ಆ ಮಾತು ಸರಿ. ತಿಳಿಯದೆ ಕಳೆದುಕೊಂಡವರು ಆ 90 ದಿನದಲ್ಲಿ ಏನು ಮಾಡಬೇಕು? ಡಬ್ಬಿಯಲ್ಲಿ ಸಿಮ್ ಇಟ್ಟು ಪುಣೆಗೆ ಹೋದ ಅಜ್ಜನಿಗೆ ಗಡಿಯಾರ ಓಡುತ್ತಿರುವುದೇ ಗೊತ್ತಿರಲಿಲ್ಲ.

ಹಾಗಾಗಿ ನಾನು ಕೇಳುವುದು ಇಷ್ಟು. ಸಂಚಾರ್ ಸಾಥಿಯಲ್ಲಿ ಒಂದು ಖಾನೆ ತೆರೆಯಿರಿ: "ಈ ನಂಬರು ಈ ದಿನದಿಂದ ನನ್ನದು." ಹೇಳುವವರು ನಿಜ ಹೇಳುತ್ತಿದ್ದಾರೆಯೇ ಎಂದು ನೋಡಲು ಅದೇ ನಂಬರಿಗೆ ಒಂದು ಒಟಿಪಿ ಸಾಕು, ತಾರೀಖು ಮೊಬೈಲ್ ಕಂಪನಿಯ ಹತ್ತಿರ ಇದ್ದೇ ಇದೆ. ಆ ಮಾಹಿತಿ ಬ್ಯಾಂಕುಗಳಿಗೆ ಹೋಗಲಿ. ಆ ತಾರೀಖಿಗೆ ಹಿಂದೆ ದಾಖಲಾದ ಖಾತೆಗಳಿದ್ದರೆ, ಖಾತೆದಾರರು ಶಾಖೆಗೆ ಬಂದು ಖಚಿತಪಡಿಸುವವರೆಗೆ ಆ ನಂಬರಿಗೆ ಒಟಿಪಿ, ಉಳಿದ ಹಣದ ಲೆಕ್ಕ ಹೋಗದಿರಲಿ. ಅವರ ಪಿಂಚಣಿ ನಿಲ್ಲಬಾರದು, ಮೆಸೇಜು ಮಾತ್ರ ನಿಲ್ಲಲಿ. ಖಾತೆದಾರರ ಮನೆಗೆ ಅಂಚೆಯಲ್ಲಿ ಒಂದು ಕಾಗದ ಹೋಗಲಿ. ಬ್ಯಾಂಕಿನ ಮೆಸೇಜುಗಳಲ್ಲಿ ಕಾರ್ಡು ನಿಲ್ಲಿಸುವ ಸಾಲಿನ ಜೊತೆಗೆ "ಈ ನಂಬರು ಬೇರೆಯವರದು" ಎಂದು ಹೇಳುವ ಇನ್ನೊಂದು ದಾರಿ ಇರಲಿ.

ಮೊಬೈಲ್ ಕಂಪನಿಗಳು ಸಿಮ್ ಕೊಡುವಾಗ ಅರ್ಜಿಯಲ್ಲಿ ಇನ್ನೊಂದು ಸಂಪರ್ಕ ನಂಬರು ಬರೆಸಿಕೊಳ್ಳುತ್ತವೆ. ಕಡಿತಕ್ಕೆ ಮುಂಚೆ ಆ ನಂಬರಿಗೆ ಎರಡು ಸಲ, ಕನ್ನಡದಲ್ಲಿ, ಮೆಸೇಜು ಹೋಗಬೇಕು. ಅಜ್ಜನ ಮಗಳಿಗೆ ಒಂದು ಮೆಸೇಜು ಹೋಗಿದ್ದರೆ ಪುಣೆಯಿಂದಲೇ ರೀಚಾರ್ಜ್ ಮಾಡುತ್ತಿದ್ದಳು. ಇನ್ನು ಸಿಮ್ ಮಾರುವಾಗ ಇದು ಹಿಂದೆ ಬೇರೆಯವರು ಬಳಸಿದ ನಂಬರು ಎಂದು ಕೊಳ್ಳುವವರಿಗೆ ಹೇಳಿ. ತಿಂಗಳೊಳಗೆ ಬೇಡ ಅಂದರೆ ದುಡ್ಡಿಲ್ಲದೆ ಬದಲಿಸಿ ಕೊಡಿ. ನನಗೆ ಹೇಳಿದ್ದರೆ ಬೋರ್ಡು ಬರೆಸುವ ಮುಂಚೆ ಸ್ವಲ್ಪ ಕಾಯುತ್ತಿದ್ದೆ.

ಶಾಲೆ, ಲ್ಯಾಬುಗಳು ಕಡಿತದ ಪಟ್ಟಿ ನೋಡುವ ದಾರಿ ನನಗೆ ಕಾಣಲಿಲ್ಲ. ಅವರಿಗೂ ಏನಾದರೂ ಯೋಚಿಸಿ. ಅಜ್ಜ ತಿಳಿಸಿದ ಮೇಲೂ ಶಾಲೆಯ ಮೆಸೇಜು ನನಗೆ ನಿಂತಿಲ್ಲ. ಈ ಪತ್ರ ಬರೆಯುತ್ತಿರುವ ಹೊತ್ತಿಗೆ, ಬೆಳಗ್ಗೆ 9:40ಕ್ಕೆ ಬಂದದ್ದು ಇದು: "ನಿಮ್ಮ ಮಗು ಇಂದು ಶಾಲೆಗೆ ಬಂದಿಲ್ಲ." ಅಜ್ಜನ ಹೊಸ ನಂಬರಿಗೆ ಈಗಷ್ಟೇ ಫೋನ್ ಮಾಡಿ ತಿಳಿಸಿದೆ. ಜ್ವರವಂತೆ, ಮನೆಯಲ್ಲೇ ಮಲಗಿದೆಯಂತೆ.

ನಿಮ್ಮ ಉತ್ತರಕ್ಕೆ ಕಾಯುತ್ತಿರುವ,
ದಾವಣಗೆರೆಯ ಒಬ್ಬ ಟೈಲರ್